ಒಲೆಯೋ ಓಲೆಯೋ: ಹಚ್ಚೆ ಪರೀಕ್ಷಕರ ಕೈಪಿಡಿ

ಈ ಕೈಪಿಡಿ ಪುಣೆಯ ಮರಾಠಿ ಹುಡುಗರಿಗಾಗಿ, ಅದರಲ್ಲೂ ಕನ್ನಡದ ಹುಡುಗಿಯನ್ನು ಮೆಚ್ಚಿ, ಮುಂಗೈ ಮೇಲೆ ಕನ್ನಡದಲ್ಲೊಂದು ಸಾಲು ಹಚ್ಚೆ ಹಾಕಿಸಿಕೊಳ್ಳಲು ಹೊರಟವರಿಗಾಗಿ ಇದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆದಕಾರಣ ಇದನ್ನು ಓದಬೇಕಾದವರು ನೀವು. ಕೋಥರೂಡಿನಲ್ಲೋ ಸಿಂಹಗಡ ರಸ್ತೆಯಲ್ಲೋ ವರ್ಷಗಟ್ಟಲೆಯಿಂದ ನೆಲೆಸಿ, ಸೊಸೈಟಿಯಲ್ಲಿ ‘ಕಾನಡೀ ಕಾಕಾ’ ಎಂದೇ ಹೆಸರಾದವರು ನೀವು. ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನಿಗೊಂದು ಚಿತ್ರ ಬರುತ್ತದೆ. ಕೆಳಗೆ, ‘ಕಾಕಾ, ಹೇ ಬರೋಬರ್ ಆಹೇ ಕಾ?’ ಎಂಬ ಪ್ರಶ್ನೆ. ನಾಳೆ ಬೆಳಿಗ್ಗೆ ಅಪಾಯಿಂಟ್‌ಮೆಂಟ್, ಮುಂಗಡವನ್ನೂ ಕೊಟ್ಟಾಗಿದೆ.

ಕೈಪಿಡಿಯ ದನಿ ಒರಟೆನಿಸಿದರೆ ಅದಕ್ಕೆ ಊರೇ ಕಾರಣ. ಬಾಗಿಲ ಮುಂದೆ ಗಾಡಿ ನಿಲ್ಲಿಸಿದವರನ್ನೂ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಬೆಲ್ ಒತ್ತುವವರನ್ನೂ ಎರಡೇ ಸಾಲಿನಲ್ಲಿ ಜಾಡಿಸುವ ‘ಪುಣೇರಿ ಪಾಟಿ’ಗಳ ನೆರಳಲ್ಲಿ ಇದು ಬರೆದದ್ದು.

ಮೊದಲ ಸೂಚನೆ: ‘ಬರೋಬರ್’ ಎನ್ನಬೇಡಿ

ಹಚ್ಚೆಗಳು ಕೆಡುವುದು ಸೂಜಿಯಿಂದಲ್ಲ, ಈ ಒಂದು ಮಾತಿನಿಂದ. ‘ಸರಿ ಇದೆಯಾ’ ಎಂದು ಕೇಳಿದವರಿಗೆ ನಾವು ‘ಸರಿ ಇದೆ’ ಎಂದೇ ಹೇಳುವವರು. ಸಾಲಿನ ಅರ್ಥ ಇಂಥದ್ದು ಎಂದು ಹುಡುಗ ಮೊದಲೇ ಹೇಳಿಬಿಟ್ಟಿರುತ್ತಾನೆ, ನಮ್ಮ ಕಣ್ಣು ಅದನ್ನೇ ಅಲ್ಲಿ ಓದಿಕೊಳ್ಳುತ್ತದೆ. ಪತ್ರಿಕೆಯಲ್ಲಿ ಕರಡು ತಿದ್ದಿದ ಯಾರನ್ನಾದರೂ ಕೇಳಿ, ತಪ್ಪು ಕಣ್ಣು ತಪ್ಪಿಸಿ ಕೂರುವುದು ಗೊತ್ತಿರುವ ಮಾತಿನೊಳಗೇ.

ಆದ್ದರಿಂದ ಪರೀಕ್ಷೆಯನ್ನು ತಿರುಗಿಸಿ ಮಾಡಬೇಕು. ಸಾಲಿನ ಚಿತ್ರವನ್ನು ಮಾತ್ರ, ಅರ್ಥ ಹೇಳದೆ, ವಿಷಯವೇ ಗೊತ್ತಿಲ್ಲದ ಕನ್ನಡಿಗರೊಬ್ಬರಿಗೆ ಕಳಿಸಿ. ‘ಇದರಲ್ಲಿ ಏನು ಬರೆದಿದೆ? ಗಟ್ಟಿಯಾಗಿ ಓದಿ, ಅರ್ಥ ಹೇಳಿ’ ಎನ್ನಿ. ಅವರು ಓದಿದ್ದನ್ನು ಫೋನಿನಲ್ಲಿ ಇನ್ನೊಬ್ಬರು ಕೇಳಿ, ಚಿತ್ರ ನೋಡದೆ ಕೈಯಿಂದ ಬರೆಯಲಿ. ಆ ಕೈಬರಹವನ್ನೂ ಹುಡುಗನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. ಒಬ್ಬರ ಕಣ್ಣು ದಾಟಿಸಿಬಿಟ್ಟದ್ದು ಇನ್ನೊಬ್ಬರ ಕೈಗೆ ಸಿಕ್ಕಿಬೀಳುತ್ತದೆ. ಇದಕ್ಕೆ ಕಾಲು ಗಂಟೆ ಸಾಕು, ಖರ್ಚಿಲ್ಲ.

ಇಬ್ಬರನ್ನು ಆರಿಸುವಾಗ ಪುಣೆಯಲ್ಲೊಂದು ಎಚ್ಚರ ಬೇಕು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಮನೆಯಲ್ಲಿ ಸೊಗಸಾಗಿ ಮಾತಾಡುತ್ತಾರೆ. ಓದಿದ್ದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಆದ್ದರಿಂದ ಕನ್ನಡ ಅಕ್ಷರವನ್ನು ಗುರುತಿಸಿ ಗುರುತಿಸಿ ಓದುತ್ತಾರೆ. ಅವರು ಮಾತಿಗೆ ಸಾಕ್ಷಿ, ಕಾಗುಣಿತಕ್ಕಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತು, ಆಮಂತ್ರಣ ಪತ್ರಿಕೆಯಲ್ಲೇ ತಪ್ಪು ಹುಡುಕುವ ನಿವೃತ್ತ ಮೇಷ್ಟ್ರು ಸಿಕ್ಕರೆ ಬಿಡಬೇಡಿ. ಎಲ್ಲರಿಗಿಂತ ಒಳ್ಳೆಯ ಪರೀಕ್ಷಕಿ ಆ ಹುಡುಗಿಯೇ. ಆದರೆ ಇದು ‘ಸರ್‌ಪ್ರೈಸ್’ ಆದ್ದರಿಂದ ಅವಳನ್ನು ಕೇಳುವಂತಿಲ್ಲ. ಈ ವ್ಯವಹಾರದ ಮೂಲ ದೋಷವೇ ಇದು, ಇದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಯಾವ ಭಾಷೆಯ ಕಾಗುಣಿತ?

ಲಿಪಿ ಬೇರೆ, ಭಾಷೆ ಬೇರೆ. ಹುಡುಗನಿಗೆ ಇದನ್ನು ಮನವರಿಕೆ ಮಾಡಿಸಲು ಡೇವಿಡ್ ಬೆಕ್‌ಹ್ಯಾಮ್‌ನ ಎಡಗೈ ತೋರಿಸಿ. ಇಂಗ್ಲೆಂಡಿನ ಈ ಫುಟ್‌ಬಾಲ್ ಆಟಗಾರ 2000ರಲ್ಲಿ ಹೆಂಡತಿ ವಿಕ್ಟೋರಿಯಾಳ ಹೆಸರನ್ನು ನಾಗರಿ ಲಿಪಿಯಲ್ಲಿ, ಹಿಂದಿ ಎಂದುಕೊಂಡು, ಮುಂಗೈಗೆ ಹಾಕಿಸಿಕೊಂಡ. ಅದರಲ್ಲಿ ‘ವಿ’ ಬದಲು ‘ವ್ಹಿ’ ಇದೆ. ಒಂದು ಹಕಾರ ಹೆಚ್ಚಾಗಿದೆ, ಹೆಂಡತಿಯ ಹೆಸರೇ ತಪ್ಪಾಗಿದೆ ಎಂದು ಪತ್ರಿಕೆಗಳು ನಕ್ಕವು. ಹಿಂದಿಯ ಲೆಕ್ಕಕ್ಕೆ ಅದು ತಪ್ಪೇ. ಆದರೆ ಲಕ್ಷ್ಮೀ ರಸ್ತೆಯ ಯಾವ ಅಂಗಡಿಯವನಿಗಾದರೂ ತೋರಿಸಿ, ಅವನಿಗೆ ತಪ್ಪು ಕಾಣುವುದಿಲ್ಲ. ಇಂಗ್ಲಿಷಿನ ಈ ಧ್ವನಿಯನ್ನು ಮರಾಠಿಯವರು ಬರೆಯುವುದೇ ಹಾಗೆ. ವ್ಹಿಕ್ಟೋರಿಯಾ ರಾಣಿ, ವ್ಹಿಡಿಯೋ, ಯುನಿವ್ಹರ್ಸಿಟಿ. ಬೆಕ್‌ಹ್ಯಾಮ್ ಅದನ್ನು ಮರಾಠಿ ಹಚ್ಚೆ ಎಂದು ಹೇಳಿಬಿಟ್ಟಿದ್ದರೆ ಆಗುತ್ತಿತ್ತು.

ನಮ್ಮ ಹುಡುಗನಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿನಗೆ ಬೇಕಾದದ್ದು ಕನ್ನಡ ಲಿಪಿಯಲ್ಲಿ ಮರಾಠಿಯೋ, ಕನ್ನಡವೋ? ಕನ್ನಡವಾದರೆ ಯಾರ ಕನ್ನಡ? ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಧಾರವಾಡದ ಹುಡುಗಿಗೆ ಅದು ಪಠ್ಯಪುಸ್ತಕದ ಉತ್ತಮ ಪುರುಷ ಏಕವಚನದ ಉದಾಹರಣೆಯಂತೆ ಕೇಳಿಸುತ್ತದೆ, ಅವಳ ಮನೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳಿರುವುದಿಲ್ಲ. ಅದರ ಮೇಲೆ ‘ಸುತ್ತೆನೆ’ ಎಂದು ದೀರ್ಘ ನುಂಗುವುದು ಕನ್ನಡಿಗರಲ್ಲೇ ಬಲು ರೂಢಿ. ಅಂತರ್ಜಾಲದಿಂದ ಎತ್ತಿಕೊಂಡ ಸಾಲಿನಲ್ಲಿ ಅದು ಇದ್ದೇ ಇದೆ ಎಂದುಕೊಂಡು ಶುರುಮಾಡಿ. ‘ಹೃದಯ’ ಬಂದರೆ ‘ಹ್ರದಯ’ ಆಗಿದೆಯೇ ಎಂದೂ ನೋಡಿ; ನಮ್ಮೂರ ಆಸ್ಪತ್ರೆಯ ಬೋರ್ಡುಗಳಲ್ಲೇ ಅದು ಎಷ್ಟೋ ಸಲ ಹಾಗಿರುತ್ತದೆ.

ಎರಡು ದಾರಿ, ಎರಡು ಸುಂಕ

ಈಗ ಒಂದು ಸಾಲನ್ನು ಹಿಡಿದು ನೋಡೋಣ. ಹುಡುಗ ಹಿಂಜವಡಿಯ ಕಂಪನಿಯವನು, ಹುಡುಗಿ ಧಾರವಾಡದವಳು. ಅವನಿಗೆ ಬೇಕಾದದ್ದು ‘ನಿನ್ನ ಒಲವಿನ ಓಲೆ ನಾನು’. ನಿನ್ನ ಪ್ರೇಮಪತ್ರ ನಾನೇ ಎಂಬ ಅರ್ಥ. ಮೈಮೇಲೆ ಬರೆಸಿಕೊಳ್ಳುವವನಿಗೆ ಒಪ್ಪುವ ಮಾತು, ಕಲ್ಪನೆಗೆ ಪೂರ್ತಿ ಅಂಕ ಕೊಡೋಣ.

ಈ ಸಾಲು ಕನ್ನಡ ಬಲ್ಲ ಯಾರದೋ ಬಾಯಿಂದ ಹುಡುಗನ ಫೋನಿಗೆ ಬರಲು ಎರಡು ದಾರಿ. ಒಂದು ಇಂಗ್ಲಿಷ್ ಅಕ್ಷರದ್ದು, ಇನ್ನೊಂದು ನಾಗರಿಯದ್ದು. ಎರಡರಲ್ಲೂ ಸುಂಕ ಕಟ್ಟಬೇಕು, ಕಳೆದುಕೊಳ್ಳುವ ವಸ್ತು ಮಾತ್ರ ಬೇರೆ.

ಇಂಗ್ಲಿಷ್ ಅಕ್ಷರದ ದಾರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ: ತ ಮತ್ತು ಟ, ದ ಮತ್ತು ಡ, ಲ ಮತ್ತು ಳ, ಹ್ರಸ್ವ ದೀರ್ಘಗಳು. ‘ಬಾಳ ಸಂಗಾತಿ’ ಎಂದು ಹೊರಟದ್ದು ‘ಬಾಲ ಸಂಗಾತಿ’ಯಾಗಿ ಬಂದು ಇಳಿಯಬಹುದು. ಅದನ್ನು ಕೂಸಿನ ಗೆಳೆಯ ಎಂದು ಓದುತ್ತೀರೋ, ದನದ ಹಿಂಬದಿ ನೆನಪಿಸಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಈ ದಾರಿಯಲ್ಲಿ ಬಂದದ್ದನ್ನು ಪರೀಕ್ಷೆಗೂ ತೆಗೆದುಕೊಳ್ಳಬೇಡಿ, ಹೊಸದಾಗಿ ಬರೆಸಿ.

ನಾಗರಿಯದು ರಾಜಮಾರ್ಗದಂತೆ ಕಾಣುತ್ತದೆ. ಮರಾಠಿಯಲ್ಲಿ ಳಕಾರವಿದೆ, ಮಹಾಪ್ರಾಣಗಳೂ ಟ-ತ ಭೇದವೂ ಇವೆ. ಅದಕ್ಕೇ ಜನ ಮೋಸಹೋಗುತ್ತಾರೆ. ಮರಾಠಿ ಬರೆಯುವ ನಾಗರಿಯಲ್ಲಿ ಇಲ್ಲದಿರುವುದು ಎರಡೇ ಸ್ವರ: ಹ್ರಸ್ವ ಎ, ಹ್ರಸ್ವ ಒ. ಕನ್ನಡದಂಥ ಭಾಷೆಗಳಿಗಾಗಿ ನಾಗರಿಯಲ್ಲಿ ಬೇರೆ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಸೇರಿಸಿದ್ದಾರೆ, ನಿಜ. ಆದರೆ ಅವನ್ನು ಒತ್ತುವ ಮರಾಠಿಗ ಯಾರಿದ್ದಾರೆ? ಹಾಗಾಗಿ ನಮ್ಮ ಸಾಲಿನ ಒಲವಿಗೂ ಓಲೆಗೂ ನಾಗರಿಯಲ್ಲಿ ಒಂದೇ ಓಕಾರ. ಅದನ್ನು ಲಿಪಿ ಬದಲಿಸುವ ಜಾಲತಾಣಕ್ಕೆ ಹಾಕಿದರೆ ಹೊರಬರುವುದು ‘ನಿನ್ನ ಓಲವಿನ ಓಲೇ ನಾನು’.

ಇದನ್ನು ನೋಡಿದ ಕನ್ನಡದ ಗೆಳೆಯನೊಬ್ಬ ಆಫೀಸಿನ ಲಿಫ್ಟಿನಲ್ಲಿ, ‘ಅರೇ, ಅದು ಗಿಡ್ಡ ಒ ಕಣೋ’ ಎಂದು ತಿದ್ದುತ್ತಾನೆ. ಯಾವುದು ಗಿಡ್ಡ ಎಂದು ಹೇಳುವಷ್ಟರಲ್ಲಿ ಅವನ ಮಹಡಿ ಬಂದುಬಿಡುತ್ತದೆ. ಹುಡುಗ ಶಿಸ್ತಿನವನು, ಎರಡು ಓಕಾರವನ್ನೂ, ಜೊತೆಗೆ ‘ಲೇ’ಯನ್ನೂ ಗಿಡ್ಡ ಮಾಡುತ್ತಾನೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನಿಗೆ ಬರುವುದು: ‘ನಿನ್ನ ಒಲವಿನ ಒಲೆ ನಾನು’.

ಒಂದೂ ಕಾಗುಣಿತದ ತಪ್ಪಿಲ್ಲ, ಗಮನಿಸಿ. ಎಲ್ಲವೂ ನಿಘಂಟಿನಲ್ಲಿರುವ ಪದಗಳೇ, ತಪ್ಪು ಹುಡುಕುವ ಯಾವ ತಂತ್ರಾಂಶವೂ ಕೆಂಪು ಗೆರೆ ಎಳೆಯುವುದಿಲ್ಲ. ಬಾಯಿಂದ ಓದಿಸಿ ಹುಡುಗನಿಗೆ ಕೇಳಿಸಿದರೂ ಉಪಯೋಗವಿಲ್ಲ. ಒಕಾರ ಗಿಡ್ಡವೋ ಉದ್ದವೋ ಎಂಬುದರಿಂದ ಮರಾಠಿಯಲ್ಲಿ ಅರ್ಥ ಬದಲಾಗುವುದಿಲ್ಲವಾದ್ದರಿಂದ ಅವನ ಕಿವಿ ಅದನ್ನು ಹಿಡಿಯುವುದೇ ಇಲ್ಲ. ಭಾವೀ ಅತ್ತೆಯ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದು: ‘ಒಲವಿನ ಒಲಿ? ಗ್ಯಾಸಿಂದೋ ಕಟಗೀದೋ, ತಮ್ಮಾ?’

ಒಲೆಯ ಪಾಲಿಗೆ ಬಿದ್ದವನು ಇವನೊಬ್ಬನೇ ಅಲ್ಲ. ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ 2019ರ ಜನವರಿಯಲ್ಲಿ ‘ಏಳು ಉಂಗುರ’ ಎಂಬ ಅರ್ಥದ ತನ್ನ ಹಾಡಿನ ಹೆಸರನ್ನು ಜಪಾನಿಯಲ್ಲಿ ಅಂಗೈಗೆ ಹಾಕಿಸಿಕೊಂಡಳು. ನೋವು ತಾಳಲಾರದೆ ನಡುವಿನ ಅಕ್ಷರಗಳನ್ನು ಬಿಟ್ಟಳು. ‘ಏಳು’ ಮತ್ತು ‘ಬಳೆ’ ಎಂಬ ಎರಡೇ ಅಕ್ಷರ ಉಳಿದವು. ಅವೆರಡೂ ಸೇರಿದರೆ ಜಪಾನಿಯಲ್ಲಿ ಶಿಚಿರಿನ್, ಅಂದರೆ ಮೀನು ಮಾಂಸ ಸುಡುವ ಸಣ್ಣ ಇದ್ದಿಲೊಲೆ. ಅಲ್ಲೂ ಅಕ್ಷರಗಳು ಸರಿಯಾಗೇ ಇದ್ದವು, ಪದವೂ ನಿಘಂಟಿನಲ್ಲಿತ್ತು.

ಕಡತ ಕಳಿಸುವ ವಿಧಾನ

ಸಾಲು ಸರಿಹೋಯಿತು ಎಂದುಕೊಳ್ಳಿ. ನೀವು ತಿದ್ದಿ ವಾಟ್ಸ್ಯಾಪಿನಲ್ಲಿ ಕಳಿಸಿದಿರಿ. ಅಲ್ಲಿಗೆ ಮುಗಿಯಿತು ಎಂದು ಮಲಗಬೇಡಿ.

ಎಫ್‌ಸಿ ರಸ್ತೆಯ ಹಚ್ಚೆ ಅಂಗಡಿಯ ಹುಡುಗ ಆ ಸಾಲನ್ನು ನಕಲು ಮಾಡಿ ತನ್ನ ಚಿತ್ರದ ತಂತ್ರಾಂಶಕ್ಕೆ ಅಂಟಿಸುತ್ತಾನೆ. ಕನ್ನಡದ ‘ನ್ನ’ ಎಂಬುದು ಕಂಪ್ಯೂಟರಿಗೆ ಒಂದು ಅಕ್ಷರವಲ್ಲ. ನ, ಆಮೇಲೊಂದು ಅರ್ಧಾಕ್ಷರದ ಗುರುತು, ಮತ್ತೆ ನ, ಹೀಗೆ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಅಕ್ಷರ ಜೋಡಿಸುವ ಬೇರೆಯೇ ಯಂತ್ರದ ಕೆಲಸ. ಹಳೆಯ ಫೋಟೊಶಾಪಿನಂಥವುಗಳಲ್ಲಿ ಭಾರತೀಯ ಲಿಪಿಗಳ ಆ ಆಯ್ಕೆಯನ್ನು ನಾವೇ ಹೋಗಿ ಹಾಕಬೇಕು. ಹಾಕದಿದ್ದರೆ ‘ನಿನ್ನ’ ಎಂಬುದು ‘ನಿನ್‌ನ’ ಎಂದು ಒಡೆದು ನಿಲ್ಲುತ್ತದೆ, ಗುಡಿಸು ಕೊಂಬುಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗಿ ಕೂರುತ್ತವೆ. ಅಂಗಡಿಯ ಹುಡುಗನಿಗೆ ಅದು ಒಡೆದದ್ದೆಂದು ತಿಳಿಯುವ ಸಂಭವವೇ ಇಲ್ಲ, ಕನ್ನಡ ಹೀಗೇ ಇರುತ್ತದೆ ಎಂದುಕೊಳ್ಳುತ್ತಾನೆ.

ಗುರುತಿಸುವುದು ಸುಲಭ. ಒತ್ತಕ್ಷರ ಇರಬೇಕಾದಲ್ಲಿ ಅಕ್ಷರದ ಕೆಳಗೆ ಏನೂ ಇಲ್ಲದೆ, ತಲೆಯ ಬಲಕ್ಕೊಂದು ಕೊಕ್ಕೆ ಕಂಡರೆ ಸಾಲು ಒಡೆದಿದೆ. ಪರಿಹಾರವೂ ಸುಲಭ. ಅಕ್ಷರ ಕಳಿಸಬೇಡಿ, ಚಿತ್ರ ಕಳಿಸಿ. ನಿಮ್ಮ ಫೋನಿನಲ್ಲಿ ಸರಿಯಾಗಿ ಕಾಣುವಂತೆ ದೊಡ್ಡದಾಗಿ ಟೈಪು ಮಾಡಿ, ಪರದೆಯ ಚಿತ್ರ ತೆಗೆದು ಕಳಿಸಿ. ಇಲ್ಲವಾದರೆ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕೊಡಿ. ಅಂಗಡಿಯವನು ಅದನ್ನು ಹಾಗೇ ಅಚ್ಚಿಳಿಸಲಿ, ಮತ್ತೆ ಟೈಪು ಮಾಡುವ ಉತ್ಸಾಹ ಬೇಡ.

ಅಕ್ಷರದ ರೂಪ ಆರಿಸುವಾಗ ಸೊಗಸಿಗಿಂತ ತೂತು ನೋಡಿ. ಕನ್ನಡ ಅಂದರೆ ಸುರುಳಿಗಳ ಲಿಪಿ, ಚರ್ಮದೊಳಗಿನ ಮಸಿ ವರ್ಷ ಕಳೆದಂತೆ ಒಂದಿಷ್ಟು ಹರಡುತ್ತದೆ. ಇಂದು ಸಣ್ಣದಾಗಿ ಚೆಂದ ಕಾಣುವ ಸುರುಳಿಯ ಒಳಗಿನ ಜಾಗ ಹತ್ತು ವರ್ಷಕ್ಕೆ ಮುಚ್ಚಿಹೋಗಬಹುದು. ‘ಒ’ಗೂ ‘ಓ’ಗೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಕೊಂಕು ಮಾತ್ರ. ಪ್ರೇಮಪತ್ರವೂ ಅಡುಗೆಮನೆಯೂ ಬೇರೆಯಾಗುವುದು ಅಷ್ಟರಲ್ಲೇ. ಬಲೂ ತಮ್ಮದಂಥ ದಪ್ಪ ಅಕ್ಷರ ಭಿತ್ತಿಪತ್ರಕ್ಕೆ ಸೊಗಸು, ಮಣಿಕಟ್ಟಿಗಲ್ಲ. ತೆಳುವಾದ ನೋಟೊ ಸಾನ್ಸ್ ಕನ್ನಡ ಇರಲಿ, ಸಾಲು ಮಣಿಕಟ್ಟಿಗೆ ಇಳಿದಿದ್ದರೆ ಮುಂಗೈಗೆ ಏರಿಸಿ ಅಕ್ಷರ ದೊಡ್ಡದು ಮಾಡಿಸಿ.

ನೇರಳೆ ಗೆರೆಯ ಹೊತ್ತು

ಸೂಜಿಗೆ ಮೊದಲು ಅಚ್ಚು ಬರುತ್ತದೆ. ಚಿತ್ರವನ್ನು ಕಾರ್ಬನ್ ಹಾಳೆಯಂಥ ಕಾಗದಕ್ಕೆ ಇಳಿಸಿ, ಕೂದಲು ಬೋಳಿಸಿದ ಚರ್ಮಕ್ಕೆ ಒತ್ತಿ ತೆಗೆದರೆ ನೇರಳೆ ಬಣ್ಣದ ಗೆರೆ ಮೂಡುತ್ತದೆ. ಅದು ಒಣಗಲು ಕೆಲವು ನಿಮಿಷ ಬಿಡುತ್ತಾರೆ. ಈ ಕೆಲವು ನಿಮಿಷವೇ ನಿಮ್ಮ ನಿಜವಾದ ಕಚೇರಿ ವೇಳೆ. ತಪ್ಪಿದ್ದರೆ ಸ್ಪಿರಿಟ್ ಹಾಕಿ ಒರೆಸಿದರಾಯಿತು, ಪುಕ್ಕಟೆ.

ಹುಡುಗನಿಗೆ ಹೇಳಿ, ಆಗ ಫೋಟೊ ತೆಗೆದು ಕಳಿಸಲಿ. ಮುಂಭಾಗದ ಕ್ಯಾಮೆರಾದಲ್ಲಿ ಬೇಡ, ಕೆಲವು ಫೋನುಗಳು ಅದನ್ನು ಕನ್ನಡಿಯಂತೆ ತಿರುಗಿಸಿಬಿಡುತ್ತವೆ. ಚಿತ್ರ ಬಂದ ಮೇಲೆ ಅರ್ಥ ಓದಬೇಡಿ. ಮೊದಲೇ ಕಳಿಸಿದ ಚಿತ್ರದ ಪಕ್ಕ ಇಟ್ಟು, ಕೊನೆಯ ಅಕ್ಷರದಿಂದ ಹಿಂದಕ್ಕೆ ನೋಡುತ್ತ ಬನ್ನಿ: ನು, ನಾ, ಲೆ, ಓ. ಹಿಂದುಮುಂದಾಗಿ ನೋಡಿದರೆ ಮನಸ್ಸು ಪದ ಕಟ್ಟಿಕೊಳ್ಳುವುದಿಲ್ಲ, ಕಣ್ಣು ಗೆರೆಯನ್ನಷ್ಟೇ ನೋಡುತ್ತದೆ.

ಇಲ್ಲಿ ನೋಡಬೇಕಾದದ್ದು ಕಲಾವಿದನ ಔದಾರ್ಯ. ‘ನ್ನ’ದ ಕೆಳಗಿನ ಒತ್ತು ಅವನಿಗೆ ಅಲಂಕಾರದ ಬಳ್ಳಿಯಂತೆ ಕಂಡು, ಸಮತೋಲಕ್ಕೆಂದು ಪಕ್ಕದ ಅಕ್ಷರದ ಕೆಳಗೆ ಸರಿಸಿರಬಹುದು. ಅವನು ನಾಗರಿ ಓದುವವನು, ಅಕ್ಷರಗಳು ಮೇಲಿನ ಒಂದೇ ಗೆರೆಯಿಂದ ಜೋತಾಡುವುದನ್ನು ಕಂಡವನು. ನಮ್ಮ ಬಿಡಿಬಿಡಿ ತಲೆಕಟ್ಟುಗಳನ್ನು ಕಂಡು ಮರುಕಪಟ್ಟು ಎಲ್ಲವನ್ನೂ ಕೂಡಿಸಿ ಉದ್ದ ಗೆರೆ ಎಳೆದಿದ್ದಾನೆಯೇ, ನೋಡಿ. ‘ಸರ್ವಸ್ವ’ದಂಥ ಪದವಿದ್ದರೆ ಅರ್ಕಾವೊತ್ತಿನ ಮೇಲೆ ಕಣ್ಣಿಡಿ. ನಾಗರಿಯಲ್ಲಿ ಆ ರಕಾರ ತಲೆಯ ಮೇಲೆ ಕೂರುತ್ತದೆ, ನಮ್ಮಲ್ಲಿ ಬಲಕ್ಕೆ ಬಂದು ಒಂಬತ್ತರ ಅಂಕಿಯಂತೆ ನಿಲ್ಲುತ್ತದೆ. ಯಾರೋ ಅಂಕಿ ಸೇರಿಸಿದ್ದಾರೆ ಎಂದು ಅದನ್ನು ಅಳಿಸುವಷ್ಟು ಕಾಳಜಿ ಕಲಾವಿದರಿಗೆ ಇರುವುದುಂಟು.

ಮರುಕಾಣಿಕೆ ಬಂದಾಗ

ಹುಡುಗಿಯೂ ಸುಮ್ಮನಿರುವುದಿಲ್ಲ, ಮರಾಠಿಯಲ್ಲಿ ಹಾಕಿಸಿಕೊಳ್ಳಲು ಹೊರಡುತ್ತಾಳೆ. ಅಲ್ಲಿ ಕನ್ನಡದವರು ಬೀಳುವ ಗುಂಡಿ ಬೇರೆಯೇ. ನಮ್ಮಲ್ಲಿ ‘ಮಾಡುತ್ತೇನೆ’ ಎಂದವರು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದಿಲ್ಲ, ಮರಾಠಿಯಲ್ಲಿ ಕೇಳುತ್ತದೆ. ಅಂತರ್ಜಾಲದಲ್ಲಿ ಮೊದಲು ಸಿಗುವ ‘ಮೀ ತುಝ್ಯಾವರ ಪ್ರೇಮ ಕರತೋ’ ಗಂಡಸು ಹೇಳುವ ಮಾತು. ಅವಳ ಕೈಮೇಲೆ ‘ಕರತೇ’ ಎಂದೇ ಇರಬೇಕು. ಈ ರಗಳೆಯೇ ಬೇಡವಾದರೆ ‘ಮಾಝಂ ತುಝ್ಯಾವರ ಪ್ರೇಮ ಆಹೇ’ ಎನ್ನಬಹುದು. ಅಲ್ಲಿ ಕ್ರಿಯಾಪದ ಹೊಂದಿಕೊಳ್ಳುವುದು ಪ್ರೇಮಕ್ಕೆ, ಅದು ನಪುಂಸಕಲಿಂಗ, ಯಾರ ಕೈಗೂ ಒಪ್ಪುತ್ತದೆ. ಝಕಾರದ ಮೇಲಿನ ಚುಕ್ಕೆ ಮಾತ್ರ ಮಚ್ಚೆ ಎಂದು ಬಿಟ್ಟುಹೋಗದಿರಲಿ. ಆ ಚುಕ್ಕೆ ಬೇಡ, ಗ್ರಾಂಥಿಕವಾಗಿ ‘ಮಾಝೇ’ ಬರೆಯಿರಿ ಎನ್ನುವ ಸದಾಶಿವ ಪೇಠೆಯ ಅಜ್ಜನೊಬ್ಬ ಎದುರಾದರೆ ವಾದಕ್ಕೆ ಇಳಿಯಬೇಡಿ, ಎರಡೂ ನಡೆಯುತ್ತದೆ.

ಮೋಡಿ ಲಿಪಿಯಲ್ಲಿ ಬೇಕು ಎಂದರೆ ಈ ಕೈಪಿಡಿ ಕೈಮುಗಿಯುತ್ತದೆ. ಪೇಶ್ವೆಯರ ದಫ್ತರಿನ ಆ ಓಟದ ಬರಹದಲ್ಲಿ ಹ್ರಸ್ವ ಇ, ದೀರ್ಘ ಈ ಎಂಬ ಭೇದವನ್ನು ಪಾಲಿಸುವ ಪದ್ಧತಿಯಿಲ್ಲ, ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. 1910ರಿಂದ ಇರುವ ಭಾರತ ಇತಿಹಾಸ ಸಂಶೋಧಕ ಮಂಡಳದ ಕಡೆ ಮೋಡಿ ಓದಬಲ್ಲವರನ್ನು ಹುಡುಕಿಕೊಂಡು ಹೋಗಿ ತೋರಿಸಿ.

ದುರಸ್ತಿ

ಎಲ್ಲ ಮುಗಿದ ಮೇಲೆ ತಪ್ಪು ಕಂಡರೆ ಎದೆ ಬಡಿದುಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ಹೆಚ್ಚಾಗಿರುವುದೋ ಕಡಿಮೆಯಾಗಿರುವುದೋ? ಮಸಿ ಸೇರಿಸಬಹುದು, ಕಳೆಯಲಾಗದು. ‘ಓಲವಿನ ಓಲೇ’ ಎಂದು ಆಗಿದ್ದರೆ ಒಂದು ಕೊಂಕನ್ನೂ ಒಂದು ದೀರ್ಘವನ್ನೂ ಅಳಿಸಬೇಕು. ಅದು ಚರ್ಮದ ವೈದ್ಯರ ಲೇಸರ್ ಕೆಲಸ. ಕಪ್ಪು ಮಸಿ ಬೇರೆ ಬಣ್ಣಕ್ಕಿಂತ ಬೇಗ ಮಣಿಯುತ್ತದೆ ಎಂಬುದು ನಿಜ. ಆದರೂ ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಕೂರಬೇಕು, ಪ್ರತಿ ಸಲವೂ ಹಾಕಿಸಿಕೊಂಡಾಗಿನಷ್ಟೇ ಉರಿ, ಖರ್ಚು ಅದಕ್ಕಿಂತ ಜಾಸ್ತಿ.

‘ಒಲವಿನ ಒಲೆ’ಯಾಗಿದ್ದರೆ ನಿಮ್ಮ ಹುಡುಗ ಅದೃಷ್ಟವಂತ. ಎರಡನೆಯ ಒಕಾರದ ತಲೆಯ ಮೇಲೆ ಒಂದು ಕೊಂಕು ಏರಿಸಿದರೆ ಒಲೆ ಓಲೆಯಾಗುತ್ತದೆ. ಅದಕ್ಕೆ ಮೇಲೆ ಅಷ್ಟು ಜಾಗ ಇರಬೇಕು. ಸಾಲಿನ ನೆತ್ತಿಗೆ ಹೃದಯ, ಪಾರಿವಾಳ, ಇಂಗ್ಲಿಷ್ ತಾರೀಖು ಏನನ್ನೂ ಅಂಟಿಸಬೇಡ ಎಂದು ಮೊದಲೇ ಹೇಳಬೇಕಾದದ್ದು ಇದಕ್ಕೇ. ಗಾಯ ಪೂರ್ತಿ ಮಾಯಲು ಮೂರು ನಾಲ್ಕು ವಾರ ಬಿಡಿ, ಪೊರೆ ಉದುರುತ್ತಿರುವಾಗ ಮತ್ತೆ ಚುಚ್ಚಿಸಬಾರದು. ಅಲ್ಲಿಯವರೆಗೆ ತುಂಬುತೋಳಿನ ಅಂಗಿ ತೊಡಲಿ, ಧಾರವಾಡದ ಕಡೆ ಹೋಗುವುದು ಬೇಡ.

ಕೊಂಕು ಸೇರಿಸಲು ಹೋದ ದಿನ ಅಂಗಡಿಯವನು ಕನಿಷ್ಠ ದರ ಕೇಳುತ್ತಾನೆ. ಒಂದಕ್ಷರಕ್ಕೂ ಅದೇ, ಒಂದು ಗೆರೆಗೂ ಅದೇ. ಚೌಕಾಶಿ ಮಾಡಬೇಡಿ. ಯಾವ ಒಕಾರ ಎಂದು ಪೆನ್ನಿನಿಂದ ಬಾಣ ಹಾಕಿ ತೋರಿಸಿ. ಮೊದಲನೆಯದಲ್ಲ, ಎರಡನೆಯದು.